ನೀರಿನ ಸುದ್ದಿಗೆ ಎರಡು ಕಾಲಂ

2021ರ ಸೆಪ್ಟೆಂಬರ್ 3ರಂದು ಹುಬ್ಬಳ್ಳಿ-ಧಾರವಾಡ ಪಾಲಿಕೆಯ 82 ವಾರ್ಡುಗಳಿಗೆ ಮತದಾನ ನಡೆಯಿತು. ಪತ್ರಿಕೆಗಳು ಯಾವ ವಿಷಯವನ್ನು ಹೇಗೆ ಬರೆದವು ಅನ್ನುವ ಎಂ.ಎ. ಪ್ರಬಂಧಕ್ಕೆಂದು ಅದರ ಹಿಂದಿನ ಎರಡು ವಾರಗಳ ಸ್ಥಳೀಯ ಪುಟಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದೆ. ಪತ್ರಿಕೆಗಳು ಎರಡು. ಎಕ್ಸೆಲ್ ಶೀಟಿನಲ್ಲಿ ‘ವಿಷಯ’ ಅಂತ ಒಂದೇ ಕಾಲಂ. ಕುಡಿಯುವ ನೀರು, ರಸ್ತೆ, ಪಾಲಿಕೆಯ ನಿರ್ಲಕ್ಷ್ಯ, ಟಿಕೆಟ್ ಬಂಡಾಯ, ಎಲ್ಲವನ್ನೂ ಅದರಲ್ಲೇ ತುಂಬುತ್ತಾ ಹೋದೆ.

ಮೂರನೇ ದಿನ ಸಿಕ್ಕಿಬಿದ್ದೆ. ನೀರು ಬರಲಿಲ್ಲ ಅಂತ ಪಾಲಿಕೆಯನ್ನು ಬೈದ ಸುದ್ದಿ ‘ನೀರು’ ಸಾಲಿಗೋ, ‘ನಿರ್ಲಕ್ಷ್ಯ’ದ ಸಾಲಿಗೋ? ನೀರು ಸುದ್ದಿಯ ವಿಷಯ. ನಿರ್ಲಕ್ಷ್ಯ ಅನ್ನೋದು ಆ ವಿಷಯವನ್ನು ನೋಡುವ ಚೌಕಟ್ಟು, ಅಂದರೆ ಫ್ರೇಮ್. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೆ.

ಕಾಲಂ ಎರಡು ಮಾಡಿದೆ. ಮೊದಲನೆಯದು ಅಜೆಂಡಾಕ್ಕೆ, ಅಂದರೆ ಪತ್ರಿಕೆ ಯಾವ ವಿಷಯಕ್ಕೆ ಎಷ್ಟು ಮಹತ್ವ ಕೊಟ್ಟಿತು ಅನ್ನೋದಕ್ಕೆ. ಸುದ್ದಿ ಯಾವುದರ ಬಗ್ಗೆ, ಯಾವ ಪುಟದಲ್ಲಿ, ಎಷ್ಟು ಕಾಲಂ ಸೆಂಟಿಮೀಟರ್, ಇಷ್ಟೇ. ಇದಕ್ಕೆ ಸ್ಕೇಲ್ ಇದ್ದರೆ ಸಾಕು, ತಲೆ ಜಾಸ್ತಿ ಓಡಿಸಬೇಕಿಲ್ಲ. ಕೊನೆಗೆ ವಿಷಯಗಳ ಕ್ರಮಪಟ್ಟಿ ಸಿಗುತ್ತದೆ. ಎರಡೂ ಪತ್ರಿಕೆಗಳಲ್ಲಿ ನೀರು ಮೇಲೇ ಇತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ, ಎರಡೂ ಒಂದೇ ಥರ ಬರೆದವು ಅಂತ ಹೇಳಿಬಿಡುತ್ತಿದ್ದೆ.

ಫ್ರೇಮಿಗೆಂದು ಇಟ್ಟ ಎರಡನೆಯ ಕಾಲಂ ಅದನ್ನು ಕೆಡವಿತು. ಇಲ್ಲಿ ಸುದ್ದಿಯನ್ನು ಪ್ಯಾರಾ ಪ್ಯಾರಾ ಓದಬೇಕು. ತೊಂದರೆ ಏನು ಅನ್ನುತ್ತಿದೆ? ಯಾರ ತಪ್ಪು ಅನ್ನುತ್ತಿದೆ? ಪರಿಹಾರ ಯಾವುದು? ಒಂದು ಪತ್ರಿಕೆಯಲ್ಲಿ ನೀರು ಅಂದರೆ ಅಧಿಕಾರಿಗಳ ಸೋಮಾರಿತನ. ಇನ್ನೊಂದರಲ್ಲಿ ಮಲಪ್ರಭೆಯಿಂದ ಬರುವ ಹಳೇ ಪೈಪು, ಬೆಳೆದ ಬಡಾವಣೆ, ಹೊಸ ಯೋಜನೆ. ಮೊದಲನೆಯದನ್ನು ಓದಿದವನು ಹಳೇ ಸದಸ್ಯನ ಮೇಲೆ ಸಿಟ್ಟಾಗಬಹುದು. ಎರಡನೆಯದನ್ನು ಓದಿದವನು ‘ದುಡ್ಡು ಬರಲಿ, ಆಗುತ್ತೆ’ ಅನ್ನಬಹುದು.

ಅತಿ ಹೆಚ್ಚು ಕಾಡಿದ್ದು ‘ಕುದುರೆ ಓಟ’ದ ಸುದ್ದಿ. ತಲೆಬರಹದಲ್ಲಿ ನೀರು, ಒಳಗೆಲ್ಲ ಈ ಕೊರತೆಯಿಂದ ಯಾವ ಪಕ್ಷಕ್ಕೆ ಲಾಭ ಅನ್ನುವ ಲೆಕ್ಕ. ವಿಷಯ ನೀರು, ಫ್ರೇಮ್ ಪೈಪೋಟಿ ಅಂತ ಬರೆದುಕೊಂಡೆ. ಆದರೆ ಟಿಕೆಟ್ ಬಂಡಾಯದ ಸುದ್ದಿಯಲ್ಲಿ ಪೈಪೋಟಿಯೇ ವಿಷಯ ಅಲ್ವಾ? ಅಲ್ಲಿ ಮೊದಲ ಕಾಲಂನಲ್ಲೇ ‘ಪಕ್ಷದೊಳಗಿನ ಜಗಳ’ ಅಂತ ಹಾಕಿದೆ.

ಆಮೇಲೆ 20 ಸುದ್ದಿಗಳನ್ನು ವಿಂಗಡಿಸಲು ಗೆಳತಿಗೂ ಕೊಟ್ಟೆ, ನಾನು ಹಾಕಿದ ಗುರುತುಗಳನ್ನು ತೋರಿಸದೆ. ವಿಷಯದಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಫ್ರೇಮಿನಲ್ಲಿ ಜಗಳವೋ ಜಗಳ. ‘ನಿರ್ಲಕ್ಷ್ಯ’ ಅಂದರೇನು ಅಂತ ನಿಯಮ ಬರೆದಿರಲಿಲ್ಲ, ಅದೇ ಕಾರಣ. ತಪ್ಪು ಯಾರದು ಅಂತ ವರದಿಯಲ್ಲೇ ಹೇಳಿದ್ದರೆ ಮಾತ್ರ ಆ ಗುರುತು ಅಂತ ಬರೆದು, ಮತ್ತೆ ಮೊದಲಿಂದ ಶುರು ಮಾಡಿದೆವು.

ಪ್ರಬಂಧದ ಹೆಸರನ್ನೂ ಬದಲಿಸಬೇಕಾಯಿತು. ಅದರಲ್ಲಿ ‘ಅಜೆಂಡಾ ಸೆಟ್ಟಿಂಗ್’ ಅಂತ ಇತ್ತು, ಅಂದರೆ ಮಾಧ್ಯಮ ಒತ್ತು ಕೊಟ್ಟ ವಿಷಯಗಳೇ ಜನರಿಗೂ ಮುಖ್ಯ ಅನ್ನಿಸುವುದು. ಅದನ್ನು ತೋರಿಸಲು ಸಂಶೋಧಕರಾದ ಮ್ಯಾಕೋಂಬ್ಸ್ ಮತ್ತು ಶಾ 1968ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಇನ್ನೂ ಯಾರಿಗೆ ಮತ ಅಂತ ತೀರ್ಮಾನಿಸದ 100 ಮತದಾರರನ್ನು ಯಾವ ವಿಷಯ ಮುಖ್ಯ ಅಂತ ಕೇಳಿ, ಅವರ ಪಟ್ಟಿಯನ್ನು ಮಾಧ್ಯಮದ ಪಟ್ಟಿಯ ಪಕ್ಕ ಇಟ್ಟಿದ್ದರು. ನಾನು ಒಬ್ಬ ಮತದಾರನನ್ನೂ ಕೇಳಿರಲಿಲ್ಲ. ಹಾಗಾಗಿ ‘ಅಜೆಂಡಾ ಸೆಟ್ಟಿಂಗ್’ ತೆಗೆದು, ‘ಪತ್ರಿಕೆಗಳ ಅಜೆಂಡಾ’ ಅಂತಷ್ಟೇ ಉಳಿಸಿಕೊಂಡೆ.