ದರ ಇಳಿದಿದೆ ಎಂಬ ಸೂಚನೆ ಬಂದಾಗ ನಾನು ನೋಡುವುದು

ವಿಮಾನದ ಟಿಕೆಟ್‌ಗೆ ದರದ ಅಲರ್ಟ್ ಇಡುವುದು ಒಂದೆರಡು ನಿಮಿಷದ ಕೆಲಸ. Google Flights ತಾಣದಲ್ಲಿ ಊರು, ತಾರೀಖು ಕೊಟ್ಟು ಹುಡುಕಿ Track prices ಆನ್ ಮಾಡಿದರೆ ದರ ಏರಿಳಿದಾಗ ಮೇಲ್ ಬರುತ್ತದೆ. ಕಷ್ಟವಿರುವುದು ಅದರ ನಂತರ: ಎಷ್ಟಕ್ಕೆ ಇಳಿದರೆ ಕೊಳ್ಳಬೇಕು, ಇಳಿದಂತೆ ಕಂಡದ್ದು ನಿಜವಾಗಿ ಇಳಿದಿದೆಯೇ ಎಂದು ತೀರ್ಮಾನಿಸುವುದರಲ್ಲಿ. ಕಳೆದ ಬಾರಿ ಇಬ್ಬರ ಪ್ರಯಾಣಕ್ಕೆ ಟಿಕೆಟ್ ಕೊಂಡಾಗ ಇದನ್ನು ಹೇಗೆ ಮಾಡಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೂರು ವಾರ ಏನನ್ನೂ ಕೊಳ್ಳದೆ, ದಿನವೂ ಒಂದೇ ಹೊತ್ತಿಗೆ ಅದೇ ತಾರೀಖುಗಳ ದರವನ್ನು ಬರೆದಿಟ್ಟುಕೊಂಡೆ. ಕರೆನ್ಸಿಯ ಗೋಜು ಬೇಡವೆಂದು, ಆ 21 ದರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಂತ ದರವನ್ನು 100 ಎಂದಿಟ್ಟುಕೊಳ್ಳೋಣ. ಉಳಿದವು 91ರಿಂದ 119ರವರೆಗೆ ಇದ್ದವು. ಹಿಂದೊಮ್ಮೆ ನಾನು ಲೆಕ್ಕ ಹಾಕದೆ 70 ಎಂಬ ಮಿತಿ ಇಟ್ಟು ಕಾದಿದ್ದೆ. ಅದು ಬರಲೇ ಇಲ್ಲ, ಕೊನೆಗೆ 124 ಕೊಟ್ಟೆ. ಏಕೆ ಬರಲಿಲ್ಲ ಎಂಬುದು ದರದ ವಿವರವನ್ನು ಬಿಡಿಸಿ ನೋಡಿದಾಗ ತಿಳಿಯಿತು. 100ರಲ್ಲಿ 28ರಷ್ಟು ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳು, ಉಳಿದ 72 ಮಾತ್ರ ಮೂಲದರ. ರಿಯಾಯಿತಿ ಕೊಡುವಾಗ ಸಂಸ್ಥೆ ಇಳಿಸುವುದು ಹೆಚ್ಚಾಗಿ ಈ ಮೂಲದರವನ್ನೇ. ಒಟ್ಟು ಮೊತ್ತ 70ಕ್ಕೆ ಬರಬೇಕಾದರೆ 72 ಇದ್ದದ್ದು 42 ಆಗಬೇಕು, ಅಂದರೆ ಶೇ. 40ಕ್ಕಿಂತ ಹೆಚ್ಚು ಇಳಿಯಬೇಕು. ಆದ್ದರಿಂದ ಈ ಸಲ ಮಿತಿಯನ್ನು 88ಕ್ಕೆ ಇಟ್ಟೆ. ಮೂಲದರ ಆರನೇ ಒಂದು ಭಾಗ ಇಳಿದರೆ ಅದು ಸಿಗುತ್ತದೆ. ಜೊತೆಗೆ, ಪ್ರಯಾಣಕ್ಕೆ ಆರು ವಾರ ಉಳಿದಾಗಲೂ ಸಿಗದಿದ್ದರೆ ಮಿತಿಯನ್ನು 97ಕ್ಕೆ ಏರಿಸಿ ಕೊಂಡುಬಿಡುವುದೆಂದು ಮೊದಲೇ ಬರೆದಿಟ್ಟೆ, ಏಕೆಂದರೆ ಕಾಯುತ್ತ ಕುಳಿತಾಗ ‘ಇನ್ನೊಂದು ದಿನ ನೋಡೋಣ’ ಎಂಬ ಆಸೆಗೆ ಕೊನೆಯೇ ಇರುವುದಿಲ್ಲ.

ಹತ್ತನೇ ದಿನ 63 ಎಂಬ ಸೂಚನೆ ಬಂತು. ಅಂದರೆ ಮೂಲದರ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಇಂಥದ್ದು ಕಂಡಾಗ ನಾನು ಮೊದಲು ಹಿಂದುಮುಂದಿನ ತಾರೀಖುಗಳನ್ನು ನೋಡುತ್ತೇನೆ. ವಿಮಾನ ಸಂಸ್ಥೆ ತಾನೇ ದರ ಇಳಿಸಿದ್ದರೆ ಸಾಮಾನ್ಯವಾಗಿ ಹಲವು ದಿನಗಳ ದರ ಒಟ್ಟಿಗೆ ಇಳಿದಿರುತ್ತದೆ, ಎಷ್ಟೋ ಸಲ ಅದೇ ಮಾರ್ಗದ ಇನ್ನೊಂದು ಸಂಸ್ಥೆಯೂ ಒಂದೆರಡು ದಿನಗಳಲ್ಲಿ ಇಳಿಸುತ್ತದೆ. ಇಲ್ಲಿ ಅಕ್ಕಪಕ್ಕದ ದಿನಗಳೆಲ್ಲ ಎಂದಿನಂತೆ ನೂರರ ಆಸುಪಾಸಿನಲ್ಲೇ ಇದ್ದವು, 63 ತೋರಿಸುತ್ತಿದ್ದದ್ದೂ ಒಂದೇ ಏಜೆನ್ಸಿ. ಒತ್ತಿ ಮುಂದೆ ಹೋದೆ. ಪ್ರಯಾಣಿಕರ ಹೆಸರು ತುಂಬಿದ ಮೇಲೆ ‘ದರ ಬದಲಾಗಿದೆ’ ಎಂಬ ಸಾಲು ಬಂದು ಮೊತ್ತ 102 ಆಯಿತು. ದರ ಹೋಲಿಸುವ ತಾಣಗಳು ಪ್ರತಿ ಹುಡುಕಾಟಕ್ಕೂ ಹೊಸದಾಗಿ ವಿಚಾರಿಸುವುದಿಲ್ಲ, ಹಿಂದೆ ಸಿಕ್ಕ ಉತ್ತರವನ್ನು ಉಳಿಸಿಕೊಂಡು ಕೆಲವೊಮ್ಮೆ ಅದನ್ನೇ ತೋರಿಸುತ್ತವೆ. ಹಾಗಾಗಿ ಹಣ ಪಾವತಿಸುವ ಪುಟದವರೆಗೆ ಉಳಿಯದ ದರವನ್ನು ನಾನು ದರವೆಂದೇ ಎಣಿಸುವುದಿಲ್ಲ.

ಮತ್ತೆ ಎಂಟು ದಿನಗಳ ನಂತರ 84 ಬಂತು. ಈ ಬಾರಿ ಅಕ್ಕಪಕ್ಕದ ಐದು ದಿನಗಳೂ 83ರಿಂದ 86ರೊಳಗಿದ್ದವು, ವಿಮಾನ ಸಂಸ್ಥೆಯ ಸ್ವಂತ ತಾಣದಲ್ಲೂ ಅದೇ ಮೊತ್ತವಿತ್ತು. ನಾನು ಮೂರು ವಾರ ಬರೆದುಕೊಂಡ ದರದಂತೆಯೇ ಇದರಲ್ಲೂ ಚೆಕ್-ಇನ್ ಬ್ಯಾಗೇಜ್ ಸೇರಿತ್ತು. ಇದನ್ನು ನೋಡಲೇಬೇಕು, ಏಕೆಂದರೆ ಬ್ಯಾಗೇಜ್ ಇಲ್ಲದ ಟಿಕೆಟ್ ಅಗ್ಗವಾಗಿ ಕಂಡರೂ ಅದು ಇಳಿಕೆಯಲ್ಲ, ಬೇರೆಯದೇ ಸರಕು. ಆದರೆ ಇಬ್ಬರಿಗೆಂದು ಹುಡುಕಿದಾಗ ತಲಾ 90 ಎಂದಿತು. ಒಂದೇ ಕ್ಯಾಬಿನ್ನಿನ ಸೀಟುಗಳೂ ಬೇರೆಬೇರೆ ದರದ ಗುಂಪುಗಳಲ್ಲಿ ಮಾರಾಟಕ್ಕಿರುತ್ತವೆ. 84ರ ಗುಂಪಿನಲ್ಲಿ ಒಂದೇ ಸೀಟು ಉಳಿದಿದ್ದರೆ, ಇಬ್ಬರನ್ನೂ ಒಟ್ಟಿಗೆ ಕೇಳಿದಾಗ ವ್ಯವಸ್ಥೆ ಇಬ್ಬರಿಗೂ ಮೇಲಿನ ಗುಂಪಿನ ದರವನ್ನೇ ಹಚ್ಚುತ್ತದೆ. ಬೇರೆಬೇರೆಯಾಗಿ ಕೊಂಡರೆ 84 ಮತ್ತು 90, ಅಂದರೆ ಸರಾಸರಿ 87. ನನ್ನ ಮಿತಿಯೊಳಗೇ ಬಂತು. ಹೀಗೆ ಮಾಡಿದರೆ ಪಿಎನ್‌ಆರ್ ಎರಡಾಗುತ್ತದೆ, ವಿಮಾನ ರದ್ದಾದರೆ ಇಬ್ಬರಿಗೂ ಒಂದೇ ಬದಲಿ ವಿಮಾನ ಸಿಗುತ್ತದೆಂಬ ಭರವಸೆ ಇರುವುದಿಲ್ಲ. ಮಗುವಿನೊಂದಿಗೆ ಹೊರಟಿದ್ದರೆ ನಾನು ತಲಾ 90 ಕೊಡುತ್ತಿದ್ದೆ.

ಪಾವತಿಯಾದ ಮೇಲೂ ಪಿಎನ್‌ಆರ್ ಕಂಡೊಡನೆ ನಿಶ್ಚಿಂತನಾಗಲಿಲ್ಲ. ಅದು ಕಾಯ್ದಿರಿಸಿದ್ದಕ್ಕೆ ಗುರುತು ಮಾತ್ರ. ಟಿಕೆಟ್ ಕೊಟ್ಟದ್ದಕ್ಕೆ ಗುರುತು 13 ಅಂಕಿಗಳ ಇ-ಟಿಕೆಟ್ ಸಂಖ್ಯೆ. ಎರಡೂ ಸಂಖ್ಯೆಗಳು ಮೇಲ್‌ನಲ್ಲಿ ಬಂದು, ಸಂಸ್ಥೆಯ ತಾಣದಲ್ಲಿ ಎರಡೂ ಪಿಎನ್‌ಆರ್ ಹಾಕಿ ನೋಡಿ ಖಚಿತವಾದ ಮೇಲೆಯೇ ಹೋಟೆಲ್ ಕಾಯ್ದಿರಿಸಿದೆ.