ಮೂರು ಚಪಾತಿ, ನಾಲ್ಕು ಮಕ್ಕಳು: ಭಿನ್ನರಾಶಿ ಕಲಿಸುವುದು ಹೀಗೆ

1/3 ದೊಡ್ಡದೋ 1/4 ದೊಡ್ಡದೋ ಎಂದು ಮಕ್ಕಳನ್ನು ಕೇಳಿ ನೋಡಿ. ಎಷ್ಟೋ ಮಕ್ಕಳು 1/4 ಅನ್ನುತ್ತಾರೆ. ಮೂರಕ್ಕಿಂತ ನಾಲ್ಕು ಜಾಸ್ತಿ ಅಲ್ವಾ? ಮಡಿಸಿ, ಹಂಚಿ ನೋಡುವ ಮೊದಲೇ ಅಂಶ, ಛೇದ ಎಂದು ಬರೆಸಿದರೆ ಹೀಗಾಗುತ್ತದೆ.

ಪ್ರತಿ ಮಗುವಿಗೂ 24 ಸೆಂ.ಮೀ. ಉದ್ದದ ಮೂರು ಕಾಗದದ ಪಟ್ಟಿ ಕೊಡಿ. ಅಳತೆ ಒಂದೇ ಇರಬೇಕು. ಒಂದು ಬದಿ ಅಚ್ಚಾದ ಹಾಳೆ ಸಾಕು. ಡ್ರಾಯಿಂಗ್ ಶೀಟ್ ದಪ್ಪ, ಮಡಿಕೆ ಕೂರುವುದಿಲ್ಲ. ಅಂಗಡಿಯ ಪ್ಲಾಸ್ಟಿಕ್ ಬಿಲ್ಲೆಗಳಂತೂ ಬೇಡವೇ ಬೇಡ. ಅವು ಮೊದಲೇ ತುಂಡಾಗಿ ಬರುತ್ತವೆ, ಇಡಿಯದ್ದು ಭಾಗವಾಗುವುದನ್ನು ಮಗು ನೋಡುವುದೇ ಇಲ್ಲ.

ಮೊದಲ ಪಟ್ಟಿಯನ್ನು ಎರಡು ಸಲ ಅರ್ಧಕ್ಕೆ ಮಡಿಸಿದರೆ ನಾಲ್ಕು ಕಾಲು ಸಿಕ್ಕವು.

ಕಷ್ಟವಿರುವುದು ಮೂರು ಭಾಗದಲ್ಲಿ. ಮಗು ಎರಡನೇ ಪಟ್ಟಿಯನ್ನು ಅರ್ಧ ಮಾಡುತ್ತದೆ, ಆಮೇಲೆ ಒಂದು ಅರ್ಧವನ್ನು ಮತ್ತೆ ಅರ್ಧ ಮಾಡಿ ‘ಮೂರಾಯ್ತು’ ಅನ್ನುತ್ತದೆ. ತಿದ್ದಬೇಡಿ. ಗೆರೆಯಲ್ಲಿ ಕತ್ತರಿಸಿ, ತುಂಡುಗಳನ್ನು ಒಂದರ ಮೇಲೊಂದು ಇಡಲು ಹೇಳಿ. ಒಂದು ತುಂಡು ದೊಡ್ಡದೆಂದು ಅದಕ್ಕೇ ಕಾಣುತ್ತದೆ. ಈಗ ಮೂರನೇ ಪಟ್ಟಿ. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಬಾಗಿಸಲಿ. ಆದರೆ ಮಡಿಕೆ ಒತ್ತಬಾರದು. ಪಕ್ಕದಿಂದ ನೋಡುತ್ತಾ, ಮೂರೂ ಪದರ ಸಮನಾಗುವ ತನಕ ಸರಿಸುತ್ತಿರಬೇಕು. ಆಮೇಲಷ್ಟೇ ಉಗುರಿನಿಂದ ಗಟ್ಟಿಯಾಗಿ ಉಜ್ಜಬೇಕು. ಮೊದಲೇ ಒತ್ತಿದರೆ ಆ ಗೆರೆ ಹೋಗುವುದಿಲ್ಲ, ಪಟ್ಟಿ ಕೆಟ್ಟಂತೆಯೇ. ಬಿಡಿಸಿ ಅಳೆದರೆ ಒಂದೊಂದು ಭಾಗ 8 ಸೆಂ.ಮೀ. ಇರಬೇಕು. ಸಮಯ ಉಳಿಸಲು ನೀವೇ ಮಡಿಸಿ ಕೊಡಬೇಡಿ. ಸರಿಸಿ ಸರಿಸಿ ನೋಡುವಾಗಲೇ ‘ಸಮಭಾಗ’ ಅಂದರೇನು ಎಂದು ತಿಳಿಯುವುದು.

ನಾಲ್ಕರ ಪಟ್ಟಿಯ ಪಕ್ಕ ಇದನ್ನಿಡಿ. ಕಾಲು ಭಾಗ 6 ಸೆಂ.ಮೀ. ಅಷ್ಟೇ. ಯಾವುದು ದೊಡ್ಡದೆಂದು ಈಗ ಕೇಳಿ.

ಮುಂದೆ ತಟ್ಟೆ. ಒಂದೇ ಅಳತೆಯ ಮೂರು ಚಪಾತಿ, ನಾಲ್ಕು ಮಕ್ಕಳು. ಹೇಗೆ ಹಂಚುವುದೆಂದು ಅವರೇ ಮಾತಾಡಿಕೊಳ್ಳಲಿ. ಕೆಲವರು ಮೂರನ್ನೂ ಕಾಲು ಕಾಲು ಮಾಡಿ ತಲಾ ಮೂರು ತುಂಡು ತೆಗೆದುಕೊಳ್ಳುತ್ತಾರೆ. ಕೆಲವರು ಎರಡನ್ನು ಅರ್ಧ ಮಾಡಿ, ಉಳಿದ ಒಂದನ್ನು ಕಾಲು ಮಾಡುತ್ತಾರೆ. ಆಗ ಒಬ್ಬೊಬ್ಬರಿಗೆ ಒಂದು ಅರ್ಧ, ಒಂದು ಕಾಲು. ‘ಅವಳಿಗೆ ಮೂರು, ನನಗೆ ಎರಡೇ’ ಎಂದು ಜಗಳ ಬಂದರೆ ಒಳ್ಳೆಯದೇ. ಎರಡು ಕಾಲನ್ನು ಅರ್ಧದ ಮೇಲಿಟ್ಟು ನೋಡಲಿ. ಎರಡೂ ಮುಕ್ಕಾಲೇ. ಮೂರು ಕಾಲು ಸೇರಿ ಮುಕ್ಕಾಲು ಎಂದು ನಮ್ಮ ಮಾತಿನಲ್ಲೇ ಇದೆ, ಜೋರಾಗಿ ಹೇಳಿಸಿ. 3/4 ಎಂದು ಬರೆಸುವುದು ಇದಾದ ಮೇಲೆ.

ಬರೆಯುವಾಗ ಕೆಲವರು 3/12 ಎಂದು ಬರೆಯುತ್ತಾರೆ, ಹನ್ನೆರಡು ತುಂಡಿನಲ್ಲಿ ಮೂರು ಸಿಕ್ಕಿತಲ್ಲ! ಸುಮ್ನೆ ತಪ್ಪು ಗುರುತು ಹಾಕಬೇಡಿ. ‘ಯಾವುದರಲ್ಲಿ?’ ಎಂದು ಕೇಳಿ. ಎಲ್ಲ ಚಪಾತಿ ಸೇರಿಸಿ ನೋಡಿದರೆ ಅದು 3/12, ಒಂದು ಚಪಾತಿಯ ಲೆಕ್ಕದಲ್ಲಿ 3/4. ಉತ್ತರದ ಮುಂದೆ ‘ಒಂದು ಚಪಾತಿಯ’ ಎಂದು ಬರೆಸಿ, ಆಮೇಲೆ ತಿನ್ನಲು ಬಿಡಿ.