ಮೊದಲ ನಾಲ್ವರು ಖಲೀಫರು: ಹತ್ತು ಪ್ರಶ್ನೆಗಳಲ್ಲಿ ಮತ್ತೊಮ್ಮೆ ಓದಿಕೊಳ್ಳಿ

ಮೊದಲು ಹಾಳೆಯ ಮೇಲೆ ಒಂದು ಉದ್ದ ಗೆರೆ ಎಳೆದು ಐದು ಇಸವಿ ಗುರುತು ಮಾಡಿ: 632, 634, 644, 656, 661. ನಡುವಿನ ನಾಲ್ಕು ಜಾಗಗಳಲ್ಲಿ ಅಬೂಬಕರ್, ಉಮರ್, ಉಸ್ಮಾನ್, ಅಲಿ ಎಂದು ತುಂಬಿ. ಆಮೇಲೆ ಉತ್ತರ ಮುಚ್ಚಿಟ್ಟುಕೊಂಡು, ಬಾಯಿಬಿಟ್ಟು ಹೇಳಿ.

1. ಅಬೂಬಕರ್ ಆಯ್ಕೆಯಾದದ್ದು ಎಲ್ಲಿ?
ಮದೀನಾದ ಸಖೀಫಾ ಎಂಬ ಚಾವಣಿ ಹಾಕಿದ ಸಭಾಸ್ಥಳದಲ್ಲಿ, ಪ್ರವಾದಿ ಮುಹಮ್ಮದರು ತೀರಿಕೊಂಡ ಮೇಲೆ ಸೇರಿದ ಸಭೆಯಲ್ಲಿ. ಆ ಸ್ಥಾನ ಅಲಿಯವರದ್ದು ಎಂಬುದು ಶಿಯಾಗಳ ನಿಲುವು.

2. ರಿದ್ದಾ ಯುದ್ಧಗಳು ಯಾಕೆ ನಡೆದವು?
ಇವು ಅಬೂಬಕರ್ ಕಾಲದಲ್ಲಿ ಮದೀನಾಕ್ಕೆ ತಿರುಗಿಬಿದ್ದವರ ಮೇಲೆ ನಡೆದ ಯುದ್ಧಗಳು. ಹಲವು ಬುಡಕಟ್ಟುಗಳು ಮದೀನಾಕ್ಕೆ ಝಕಾತ್ ಎಂಬ ಕಡ್ಡಾಯ ದಾನ ಕೊಡಲು ಒಪ್ಪಲಿಲ್ಲ. ಮುಸೈಲಿಮಾನಂಥವರು ತಾವೇ ಪ್ರವಾದಿ ಎಂದರು.

3. ಕುರ್‌ಆನನ್ನು ಒಂದೆಡೆ ಬರೆದಿಡಿಸಿದ್ದು ಯಾರು?
ಸಂಪ್ರದಾಯದ ಪ್ರಕಾರ ಅಬೂಬಕರ್. ಯಮಾಮಾ ಕದನದಲ್ಲಿ ಕುರ್‌ಆನ್ ಬಾಯಿಪಾಠ ಇದ್ದ ಅನೇಕರು ಸತ್ತರು. ಹೀಗೇ ಆದರೆ ಗತಿಯೇನು ಎಂದು ಉಮರ್ ಎಚ್ಚರಿಸಿದರು. ಕೆಲಸ ಮಾಡಿದ್ದು ಝೈದ್ ಬಿನ್ ಸಾಬಿತ್.

4. 636ರ ಯರ್ಮೂಕ್ ಕದನದಲ್ಲಿ ಸೋತವರು?
ಬೈಜಾಂಟಿಯನ್ನರು. ಪರ್ಷಿಯನ್ನರು ಸೋತದ್ದು ಖಾದಿಸಿಯಾದಲ್ಲಿ. ಎರಡೂ ಉಮರ್ ಕಾಲದವೇ.

5. ದಿವಾನ್ ಎಂದರೇನು?
ಯಾರಿಗೆ ಎಷ್ಟು ವೇತನ ಕೊಡಬೇಕು ಎಂದು ಉಮರ್ ಬರೆಸಿದ ದಾಖಲೆ ಪಟ್ಟಿ.

6. ಹಿಜರಿ ಶಕೆ ಶುರು ಮಾಡಿದ್ದು ಯಾರು?
ಉಮರ್. ಎಣಿಕೆ 622ರ ಹಿಜ್ರಾದಿಂದ, ಅಂದರೆ ಪ್ರವಾದಿಯವರು ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ ವರ್ಷದಿಂದ.

7. ಉಸ್ಮಾನ್ ಆಯ್ಕೆ ಹೇಗಾಯಿತು?
ಇರಿತಕ್ಕೊಳಗಾಗಿ ಹಾಸಿಗೆ ಹಿಡಿದಿದ್ದ ಉಮರ್ ಆರು ಜನರ ಸಮಿತಿ ಮಾಡಿದರು. ಅವರು ತಮ್ಮೊಳಗೇ ಒಬ್ಬರನ್ನು ಆರಿಸಬೇಕಿತ್ತು.

8. ಕುರ್‌ಆನ್ ವಿಷಯದಲ್ಲಿ ಉಸ್ಮಾನ್ ಮಾಡಿದ್ದೇನು?
ಮೂರನೇ ಪ್ರಶ್ನೆಯೂ ಇದೂ ಜಾಸ್ತಿ ಗೊಂದಲ ಮಾಡುವ ಜೋಡಿ, ಅಲ್ವಾ? ಕಾರಣ ಹಿಡಿದುಕೊಂಡರೆ ತಪ್ಪುವುದಿಲ್ಲ. ಅಬೂಬಕರ್ ಕಾಲದಲ್ಲಿದ್ದದ್ದು ಕಳೆದುಹೋಗುವ ಭಯ. ಉಸ್ಮಾನ್ ಕಾಲದಲ್ಲಿ ದೂರದ ಸೇನೆಗಳಲ್ಲಿ ಓದುವ ಬಗೆಯೇ ಬೇರೆಬೇರೆಯಾಗಿ ಜಗಳ ಎದ್ದಿತ್ತು. ಅವರು ಉಮರ್ ಮಗಳು ಹಫ್ಸಾ ಅವರ ಬಳಿಯಿದ್ದ ಅಬೂಬಕರ್ ಕಾಲದ ಪ್ರತಿ ತರಿಸಿ, ಮತ್ತೆ ಝೈದ್ ಅವರಿಂದಲೇ ನಕಲು ಮಾಡಿಸಿ ಪಟ್ಟಣಗಳಿಗೆ ಕಳಿಸಿದರು. ಉಳಿದ ಪ್ರತಿಗಳನ್ನು ಸುಡಿಸಿದರು. ಉತ್ತರದಲ್ಲಿ ‘ಸಂಗ್ರಹ’ ಅಂದರೆ ಅಬೂಬಕರ್, ‘ಒಂದೇ ಪಾಠ’ ಅಂದರೆ ಉಸ್ಮಾನ್.

9. 656ರ ಜಮಲ್ ಕದನದಲ್ಲಿ ಅಲಿಯವರ ಎದುರಿಗಿದ್ದವರು?
ಪ್ರವಾದಿಯವರ ಪತ್ನಿ ಆಯಿಷಾ, ಅವರ ಸಂಗಡಿಗರಾಗಿದ್ದ ತಲ್ಹಾ, ಝುಬೈರ್. ಉಸ್ಮಾನರನ್ನು ಕೊಂದವರಿಗೆ ಶಿಕ್ಷೆಯಾಗಲಿ ಎಂಬುದು ಅವರ ಬೇಡಿಕೆ. ಆಯಿಷಾ ಕೂತಿದ್ದ ಒಂಟೆಯಿಂದಲೇ ಆ ಹೆಸರು.

10. ಖಾರಿಜಿಗಳು ಯಾರು?
657ರಲ್ಲಿ ಸಿಫ್ಫೀನ್‌ನಲ್ಲಿ ಸಿರಿಯಾದ ರಾಜ್ಯಪಾಲ ಮುಆವಿಯಾ ಜೊತೆಗಿನ ಯುದ್ಧ ನಿಲ್ಲಿಸಿ ಅಲಿ ಮಧ್ಯಸ್ಥಿಕೆಗೆ ಒಪ್ಪಿದರು. ತೀರ್ಪು ದೇವರದ್ದು ಮಾತ್ರ ಎಂದು ಸಿಟ್ಟಾಗಿ ಅವರ ಬಣ ಬಿಟ್ಟವರು ಇವರು. ಇವರಲ್ಲೊಬ್ಬ, ಇಬ್ನ್ ಮುಲ್ಜಮ್, 661ರಲ್ಲಿ ಕೂಫಾ ಮಸೀದಿಯಲ್ಲಿ ಅಲಿಯವರ ಮೇಲೆ ಕತ್ತಿ ಬೀಸಿದ. ಆ ಗಾಯದಿಂದಲೇ ಅವರು ತೀರಿಕೊಂಡರು.

ಎಲ್ಲ ಮುಗಿದ ಮೇಲೆ ಹತ್ತರಿಂದ ಹಿಂದಕ್ಕೆ ‘ಯಾಕೆ’ ಅಂತ ಕೇಳುತ್ತಾ ಬನ್ನಿ. ಅಲಿಯವರನ್ನು ಖಾರಿಜಿ ಯಾಕೆ ಕೊಂದ? ಮಧ್ಯಸ್ಥಿಕೆಗೆ ಒಪ್ಪಿದ್ದಕ್ಕೆ. ಮುಆವಿಯಾ ಯಾಕೆ ಎದುರು ನಿಂತರು? ತಮ್ಮ ಬಂಧು ಉಸ್ಮಾನರ ಕೊಲೆಗೆ ನ್ಯಾಯ ಬೇಕೆಂದು. ಎಲ್ಲಿ ಮಾತು ತಡವರಿಸುತ್ತದೋ ಆ ಪ್ರಶ್ನೆಗೆ ಗುರುತು ಹಾಕಿ, ಅದನ್ನು ಮಾತ್ರ ಇನ್ನೊಮ್ಮೆ ಓದಿ.